ಕೆಂಪಡಿಕೆಯ ಕ್ಷಮಾಯಾಚನೆ

ಶಿರಸಿಯ ಮಂಡಿಯೊಂದರಿಂದ ಗುಜರಾತಿನ ವರ್ತಕರೊಬ್ಬರಿಗೆ, ಅವರು ಬಯಸಿದ ಬಿಳಿಯ ಚಾಲಿಗೆ ಬದಲಾಗಿ, ಬೇಯಿಸಿ ಚೊಗರು ಹಚ್ಚಿದ ಕೆಂಪಡಿಕೆಯ ನಲವತ್ತು ಚೀಲಗಳು ಹೋಗಿ ತಲುಪಿದಾಗ, ಗುಮಾಸ್ತರು ಬರೆದ ಪ್ರಥಮ ಪತ್ರವು ‘ಅನಿವಾರ್ಯ ಕಾರಣಗಳಿಂದ’ ಎಂದು ಆರಂಭವಾಗಿ ‘ಎಂದಿನ ವಿಶ್ವಾಸವಿರಲಿ’ ಎಂದು ಮುಗಿದಿತ್ತು. ನಡುವೆ ಅಡಿಕೆಯ ಹೆಸರೇ ಇರಲಿಲ್ಲ. ಹಿರಿಯ ಯಜಮಾನರು ಅದನ್ನೋದಿ, “ಏನಯ್ಯಾ, ಇದು ಕ್ಷಮಾಪಣೆಯೋ, ಲಗ್ನಪತ್ರಿಕೆಯೋ?” ಎಂದರು.

ಎರಡನೆಯ ಪತ್ರವು ಲಾರಿ ರಸೀದಿಯ ಸಂಖ್ಯೆ, ದಿನಾಂಕ, ಕೇಳಿದ್ದು, ಕಳುಹಿಸಿದ್ದು ಇವುಗಳಿಂದಲೇ ಮೊದಲಾಯಿತು. ಅಕ್ಕಪಕ್ಕ ಪೇರಿಸಿದ್ದ 17 ಮತ್ತು 71ನೆಯ ಲಾಟುಗಳಲ್ಲಿ ಚೀಲದ ಮೇಲಣ ಮಸಿಯಂಕಿಯನ್ನು ತಿರುವುಮುರುವಾಗಿ ಓದಿದ್ದೇ ಪ್ರಮಾದಕ್ಕೆ ಕಾರಣವೆಂದು ಸಂಕೋಚವಿಲ್ಲದೆ ಒಪ್ಪಿ, ಹಮಾಲರ ಮೇಲೆ ಹೊರೆ ಹೊರಿಸುವ ಸನಾತನ ಸಂಪ್ರದಾಯವನ್ನು ಗುಮಾಸ್ತರು ಕೈಬಿಟ್ಟರು.

ಇನ್ನುಮುಂದೆ ಎರಡು ಬಗೆಗಳಿಗೂ ಬೇರೆ ಬೇರೆ ಅಂಕಣಗಳಿರುವುವೆಂದೂ, ಲಾರಿಗೇರಿಸುವ ಮುನ್ನ ಚೀಲಕ್ಕೆ ಬಂಬು ಚುಚ್ಚಿ ತೆಗೆದ ಅಡಿಕೆಯನ್ನು ಮಾದರಿಯೊಡನೆ ಹೋಲಿಸಿ ಇಬ್ಬರು ಸಹಿ ಹಾಕುವರೆಂದೂ ಬರೆದರು. ಚಾಲಿ ಸೋಮವಾರ ಹೊರಟು ಗುರುವಾರ ಸಂಜೆಯೊಳಗೆ ತಲುಪುವುದು. ಅದೇ ಲಾರಿ ಕೆಂಪಡಿಕೆಯನ್ನು ಮಂಡಿಯ ಖರ್ಚಿನಲ್ಲಿ ಮರಳಿ ತರುವುದು. ಹಳೆಯ ಬಿಲ್ಲಿಗೆ ಕ್ರೆಡಿಟ್ ನೋಟ್ ಲಗತ್ತಿಸಿದೆ. ‘ಶೀಘ್ರದಲ್ಲಿಯೇ’ ಎಂಬ ಪದವನ್ನು ಯಜಮಾನರು ಕೆಂಪು ಮಸಿಯಿಂದ ಹೊಡೆದುಹಾಕಿದರು. ಮಂಡಿಯ ಪಂಚಾಂಗದಲ್ಲಿ ಆ ಹೆಸರಿನ ವಾರವಿಲ್ಲವಂತೆ.