ನಾಲಿಗೆಗೆ ಎಡವಿದ ಕಲ್ಲು

ತೇರಹಳ್ಳಿ ಬೆಟ್ಟದ ಆದಿಮದಲ್ಲಿ ಹುಣ್ಣಿಮೆ ನಾಟಕ ನೋಡಿ ಇಳಿಯುವವರಿಗೆ ತಾವೂ ಒಂದು ಬರೆಯಬಹುದೆನ್ನಿಸುವುದು ಕೋಲಾರದಲ್ಲಿ ಹೊಸ ಕಾಯಿಲೆಯೇನಲ್ಲ. ನನಗೂ ತಗುಲಿತು. ಹನ್ನೆರಡು ಪುಟ ಬರೆದು, ಮನಸ್ಸಿನಲ್ಲೇ ಓದಿಕೊಂಡೆ. ಹದಿನಾಲ್ಕು ನಿಮಿಷ. ಗಟ್ಟಿಯಾಗಿ ಓದಿದರೆ ಇಪ್ಪತ್ತೊಂದು. ಹುಡುಗರು ಎದ್ದು ಕೂತು ನಡೆದಾಡುತ್ತ ಆಡಿದಾಗ ಇಪ್ಪತ್ತೇಳು! ನಮಗೆ ಕೊಟ್ಟಿದ್ದು ಇಪ್ಪತ್ತೈದು.

ಮೊದಲ ಓದನ್ನು ನಾನೇ ಮಾಡಿದ್ದು ತಪ್ಪು. ಬರೆದವನಿಗೆ ಉಸಿರು ಎಲ್ಲಿ ನಿಲ್ಲಬೇಕೆಂದು ಮೊದಲೇ ಗೊತ್ತಿರುತ್ತದೆ. ವಾಕ್ಯ ಕುಂಟಿದರೂ ಕೈಹಿಡಿದು ದಾಟಿಸಿಬಿಡುತ್ತಾನೆ. ಹಾಗಾಗಿ ನಾಟಕದ ತಲೆಬುಡ ಗೊತ್ತಿಲ್ಲದ ಮೂವರ ಕೈಗೆ ಕೊಟ್ಟೆ: ಮನೆಯಲ್ಲಿ ತೆಲುಗಾಡುವ ಮುಳಬಾಗಿಲಿನವನು, ಮಾಲೂರಿನವನು, ಮಾವಿನ ಕಾಲ ಬಂದರೆ ಕೈಗೆ ಸಿಗದ ಶ್ರೀನಿವಾಸಪುರದವನು. ನಾನು ಕೆಂಪು ಪೆನ್ಸಿಲ್ ಹಿಡಿದು ಸುಮ್ಮನೆ ಕೂತೆ. ತೊದಲಿದಲ್ಲಿ ಅಡಿಗೆರೆ, ಉಸಿರು ಸಾಲದ ಕಡೆ ಓರೆಗೆರೆ. ಒಬ್ಬನೇ ಎಡವಿದರೆ ಅದು ಅವನ ನಾಲಿಗೆ. ಮೂವರೂ ಒಂದೇ ಕಡೆ ಎಡವಿದರೆ ಅದು ನನ್ನ ಕಲ್ಲು.

ಅಂಥ ಕಲ್ಲೊಂದು ರೈತನ ಬಾಯಲ್ಲಿತ್ತು: “ಬರಪೀಡಿತ ಪ್ರದೇಶದ ಪರಿಹಾರದ ಪ್ರಸ್ತಾವ ಪಂಚಾಯಿತಿಯ ಪರಿಶೀಲನೆಯಲ್ಲಿದೆ.” ಮೂವರೂ ‘ಪ್ರಸ್ತಾವ’ದಲ್ಲಿ ಬಿದ್ದರು. ಮಾಲೂರಿನವನು ಬೇಸತ್ತು, “ಅಣ್ಣಾ, ಪರಿಹಾರದ ಕಾಗದ ಪಂಚಾಯ್ತಿಲೇ ಮಲಗೈತೆ ಅಂದ್ರೆ ಆಗಲ್ವಾ?” ಅಂದ. ಆಗುತ್ತೆ. ಎಡವಿದ ನಾಲಿಗೆ ತಾನಾಗಿ ಹುಡುಕಿಕೊಂಡ ದಾರಿಯನ್ನು ಅಂಚಿನಲ್ಲಿ ಬರೆದುಕೊಳ್ಳುವುದು ಅಂದಿನಿಂದ ನನಗೆ ರೂಢಿಯಾಯಿತು. ಎಷ್ಟೋ ಸಲ ಅದೇ ಒಳ್ಳೆಯ ಮಾತು. ಹಳೆಯ ವಾಕ್ಯವನ್ನೂ ಎಸೆಯಲಿಲ್ಲ, ಪಂಚಾಯ್ತಿ ಕಾರ್ಯದರ್ಶಿಗೆ ಕೊಟ್ಟೆ. ಅವನು ತೊದಲಿದಷ್ಟೂ ತಾಲೀಮಿನಲ್ಲಿ ನಗೆ.

ಇನ್ನು ಹೊತ್ತಿನ ಲೆಕ್ಕ. ಒಟ್ಟು ನಿಮಿಷ ಗೊತ್ತಾದ ಮಾತ್ರಕ್ಕೆ ಎಲ್ಲಿ ಕತ್ತರಿಸಬೇಕೆಂದು ತಿಳಿಯುವುದಿಲ್ಲ. ಮೊಬೈಲಿನ ಸ್ಟಾಪ್‌ವಾಚ್ ಇಟ್ಟುಕೊಂಡು ಪ್ರತಿ ಪುಟದ ಕೆಳಗೂ ಮೂರು ದಿನದ ಹೊತ್ತು ಬರೆದೆವು. ಒಂಬತ್ತನೆಯ ಪುಟ ಒಂದು ದಿನ ಎರಡು ನಿಮಿಷ, ಇನ್ನೊಂದು ದಿನ ಮೂರೂವರೆ. ಅಲ್ಲಿ ಮಾತು ಬಾಯಿಪಾಠವಾಗಿರಲಿಲ್ಲ, ಅಷ್ಟೆ. ಐದನೆಯದು ಮೂರು ದಿನವೂ ಬಿಡದೆ ನಾಲ್ಕು ನಿಮಿಷ. ನಟರು ತಪ್ಪದೆ ಆಡುತ್ತಿದ್ದಾರೆ, ಆದರೂ ಉದ್ದ ಎಂದರೆ ಬರವಣಿಗೆಯದೇ ಬೊಜ್ಜು. ಅದು ಅಂತರಗಂಗೆಯಲ್ಲಿ ಬಸವನ ಬಾಯಿಂದ ನೀರು ಬೀಳುವ ನನ್ನ ಹೆಮ್ಮೆಯ ವರ್ಣನೆ. ಕೋಲಾರದವರಿಗೆ ಅಂತರಗಂಗೆ ವರ್ಣಿಸುವವನ ಧೈರ್ಯ ನೋಡಿ! ಎರಡು ಸಾಲು ಉಳಿಸಿ ಹೊಡೆದುಹಾಕಿದೆ. ಮೂರು ನಿಮಿಷ ಉಳಿಯಿತು, ಮನೆಯಲ್ಲಿ ಎರಡು ದಿನ ನನ್ನ ಮುಖ ದಪ್ಪಗಿತ್ತು. ಇಪ್ಪತ್ತನಾಲ್ಕಕ್ಕೆ ಬಂದೆವು, ಮಿಕ್ಕ ಒಂದು ನಿಮಿಷ ಜನ ನಗುವುದಕ್ಕೆಂದು ಬಿಟ್ಟೆವು.

ಆಟದ ದಿನ ಕಾರ್ಯದರ್ಶಿಯ ಸರದಿ ಬಂತು. ಇಪ್ಪತ್ತು ದಿನದ ತಾಲೀಮಿನಲ್ಲಿ ಒಂದು ಸಲವೂ ನೆಟ್ಟಗೆ ಬಾರದ ಆ ವಾಕ್ಯವನ್ನು ಪುಣ್ಯಾತ್ಮ ಒಂದೇ ಉಸಿರಿಗೆ, ಸೊಗಸಾಗಿ ಹೇಳಿಬಿಟ್ಟ. ಯಾರೂ ನಗಲಿಲ್ಲ. ನಾಟಕ ಒಂದು ನಿಮಿಷ ಮುಂಚೆಯೇ ಮುಗಿಯಿತು.