ಇಡ್ಲಿ ಊರಿಗೆ ರಾಕ್‌ಸ್ಟಾರ್ ಬೇಕಾಗಿದ್ದಾರೆ

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲುಗಳಿಗೆ ಬಿಲ್ಲಿಂಗ್ ಆ್ಯಪ್ ಮಾಡುವ ನಮ್ಮ ಬೀದಿಯ ಹುಡುಗ, ಇನ್‌ಸ್ಟಾಗ್ರಾಮಿಗೆಂದು ಹತ್ತು ಚಿತ್ರಗಳ ನೇಮಕಾತಿ ಜಾಹೀರಾತು ತಂದು ತೋರಿಸಿದ. ಮೊದಲ ಚಿತ್ರದಲ್ಲೇ ರಾಕೆಟ್ಟು, ‘ರಾಕ್‌ಸ್ಟಾರ್ ಬೇಕಾಗಿದ್ದಾರೆ’.

‘ಏನಪ್ಪಾ ಕೆಲಸ?’

‘ಹೋಟೆಲಿಗೆ ಹೋಗಿ ಆ್ಯಪ್ ಕಲಿಸೋದು ಅಂಕಲ್.’

‘ಅದನ್ನೇ ಬರಿ!’

ಬೆರಳು ಮುಂದಕ್ಕೆ ಸರಿಯೋದು ಮೊದಲ ಚಿತ್ರ ಹಿಡಿಸಿದರೆ ಮಾತ್ರ. ಹಾಗಾಗಿ ಕೆಲಸ, ಊರು, ಸಂಬಳ ಮೂರೂ ಅಲ್ಲೇ ಬಂದವು. ‘ಯೋಗ್ಯತೆಗೆ ತಕ್ಕ ಸಂಬಳ’ ಅಂದರೆ ಯೋಗ್ಯರು ಬರಲ್ಲ. ‘ನಾವೊಂದು ಕುಟುಂಬ’ ಅನ್ನೋದನ್ನೂ ಹೊಡೆಸಿದೆ. ಕುಟುಂಬದಲ್ಲಿ ಸಂಬಳ ಕೊಡೋರು ಯಾರು? ಬದಲಿಗೆ, ‘ನಾವು ನಾಲ್ಕು ಜನ. ಹೋಟೆಲಿನವರು ಬೆಳಿಗ್ಗೆ ಆರಕ್ಕೇ ಫೋನ್ ಮಾಡ್ತಾರೆ, ಸರದಿ ಮೇಲೆ ಎತ್ತಬೇಕು.’ ಇದನ್ನೋದಿ ಓಡುವುದು, ಸೇರಿದ ಮೇಲೆ ಓಡುವುದಕ್ಕಿಂತ ವಾಸಿ.

ಹತ್ತು ಚಿತ್ರ ಐದಾದವು. ಅರ್ಜಿಯ ಲಿಂಕನ್ನು ಚಿತ್ರದ ಕೆಳಗಿನ ಬರಹದಲ್ಲಿ ಹಾಕಿದ್ದ. ಅಲ್ಲಿ ಎಷ್ಟು ಒತ್ತಿದರೂ ತೆರೆಯಲ್ಲ, ಪ್ರೊಫೈಲಿಗೆ ಹಾಕಿಸಿದೆ. ಕೊನೆಯ ಚಿತ್ರದಲ್ಲಿ ಕ್ರಮ: ಫಾರಂ ತುಂಬಿ, ಒಂದು ದಿನ ನಮ್ಮ ಜೊತೆ ಹೋಟೆಲಿಗೆ ಬನ್ನಿ, ಆ ದಿನದ ಕೂಲಿ ಕೊಡ್ತೀವಿ, ವಾರದೊಳಗೆ ಉತ್ತರ.

ಕೆಲಸ ಕೊಡುವ ಮಹನೀಯರೇ, ಆ ಉತ್ತರ ‘ಇಲ್ಲ’ ಅಂತಿದ್ದರೂ ದಯವಿಟ್ಟು ಹೇಳಿಬಿಡಿ.