ಸರ್ವಭಾಷಾ ಭಾವ

ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ತಮಿಳಿನಲ್ಲಿ ನಾಲ್ಕು ಮಾತು, ತೆಲುಗಿನಲ್ಲಿ ಮೂರು, ಮಲಯಾಳದಲ್ಲಿ ಒಂದೂವರೆ, ಉರ್ದುವಿನಲ್ಲಿ ಬಾಯಿಗೆ ಬಂದಷ್ಟು. ಇಷ್ಟು ಬಂಡವಾಳ ಇಟ್ಟುಕೊಂಡು ವ್ಯಾಪಾರ ಮಾಡಬಹುದು, ಊರೂರು ತಿರುಗಬಹುದು. ಇವರು ಬರೀ ತಮಾಷೆ ಮಾಡುತ್ತಾರೆ. ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸು ಮುಟ್ಟುವಷ್ಟರಲ್ಲಿ ಕಂಡಕ್ಟರನ್ನು ಒಂದು ಭಾಷೆಯಲ್ಲಿ ಕೆಣಕಿ, ಪಕ್ಕದವನನ್ನು ಇನ್ನೊಂದರಲ್ಲಿ ನಗಿಸಿ, ಹೂವಿನ ಬುಟ್ಟಿ ಹಿಡಿದ ಅಜ್ಜಿಯ ಹತ್ತಿರ ಮೂರನೆಯದರಲ್ಲಿ ಬೈಸಿಕೊಂಡು ಇಳಿಯುತ್ತಾರೆ. ಇಂಥವರು ಹೊರಗಿನವರಾದರೆ ಸೀಟು ಬದಲಾಯಿಸಬಹುದು. ನನ್ನ ಪಾಲಿಗೆ ಬಂದವರು ಅಕ್ಕನ ಗಂಡ.

ಭಾವ ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯಿತು, 1936ರಲ್ಲಿ ಕಾಗದದ ಕಾರ್ಖಾನೆ ಹುಟ್ಟಿತು. ಬೆಂಕಿಪುರ ಎನ್ನಿಸಿಕೊಂಡಿದ್ದ ಊರಿಗೆ ತಮಿಳರು, ತೆಲುಗರು, ಮಲಯಾಳಿಗಳು ಕೆಲಸ ಹುಡುಕಿಕೊಂಡು ಬಂದು ಒಂದೇ ಸಾಲಿನ ಮನೆಗಳಲ್ಲಿ ನೆಲೆಸಿದರು. ಆ ಸಾಲಿನಲ್ಲಿ ಭಾವ ಕಲಿತ ಮುಖ್ಯ ವಿದ್ಯೆ ಎಂದರೆ ಗೆಳೆಯನನ್ನು ನೆಂಟನ ಹೆಸರಿನಲ್ಲಿ ಕರೆಯುವುದು. ತಮಿಳು ಹುಡುಗ ‘ಮಚ್ಚಾನ್’, ತೆಲುಗಿನವ ‘ಬಾವಾ’, ಕನ್ನಡದವ ‘ಏನ್ ಭಾವಾ’. ಮೂರಕ್ಕೂ ಲೆಕ್ಕ ಒಂದೇ. ಮಲಯಾಳಿಯ ‘ಅಳಿಯಾ’ ಮಾತ್ರ ಸ್ವಲ್ಪ ಎಡವಟ್ಟು ಮಾಡಿತಂತೆ. ಅವರಲ್ಲಿ ಅಳಿಯನ್ ಎಂದರೆ ಭಾವಮೈದುನ. ನಮ್ಮಲ್ಲಿ ಅಳಿಯ ಎಂದರೆ ಮಗಳ ಗಂಡ ಅಥವಾ ಸೋದರಳಿಯ. ಪಕ್ಕದ ಮನೆಯ ಮಲಯಾಳಿ ಹುಡುಗ ಬೆಳಗಾಗೆದ್ದು ಭಾವನ ಅಪ್ಪನನ್ನು “ಅಳಿಯಾ” ಎಂದು ಕೂಗಿದಾಗ ಅಜ್ಜಿ ಹೊಸ್ತಿಲಲ್ಲಿ ನಿಂತು, “ಅವನಿಗೆ ಇನ್ನೂ ಮದ್ವೇನೇ ಆಗಿಲ್ಲ, ಮಗಳನ್ನ ಎಲ್ಲಿಂದ ತರ್ತಾನಂತೆ?” ಎಂದು ಕೇಳಿದರಂತೆ. ಅಷ್ಟಕ್ಕೇ ಮುಗಿಯಿತು. ಮರುದಿನದಿಂದ ಅಜ್ಜಿಯೇ ಆತನನ್ನು “ಅಳಿಯಾ” ಎಂದು ಕರೆದು ಸಾರು ಕೊಡತೊಡಗಿದರು.

ದಕ್ಷಿಣದ ಈ ತಮಾಷೆಗೆ ಒಂದು ಗಟ್ಟಿ ಬುನಾದಿ ಇದೆ. ಸೋದರತ್ತೆಯ, ಸೋದರಮಾವನ ಮಕ್ಕಳ ಜೊತೆ ಮದುವೆಯಾಗುವ ರೂಢಿ ನಮ್ಮ ಬಹಳ ಜನರಲ್ಲಿ ಇತ್ತು, ಈಗಲೂ ಇದೆ. ಈ ತಲೆಮಾರಿನಲ್ಲಿ ಹೆಣ್ಣು ಕೊಟ್ಟ ಮನೆ ಮುಂದಿನ ತಲೆಮಾರಿನಲ್ಲಿ ಹೆಣ್ಣು ತರುತ್ತದೆ. ಹಾಗಾಗಿ ಕನ್ನಡದಲ್ಲಿ ಅಕ್ಕನ ಗಂಡನೂ ಭಾವ, ಹೆಂಡತಿಯ ಅಣ್ಣನೂ ಭಾವ. ಕೊಟ್ಟವನು ಕೆಳಗೆ, ತಂದವನು ಮೇಲೆ ಎಂಬ ಗೆರೆ ಆ ಮಾತಿನೊಳಗೆ ಇಲ್ಲ. ಹಿಂದಿಯಲ್ಲಿ ಇಬ್ಬರೂ ಬೇರೆ. ಅಕ್ಕನ ಗಂಡ ಜೀಜಾ, ಅವನಿಗೆ ಮರ್ಯಾದೆ. ಹೆಂಡತಿಯ ಸಹೋದರ ಸಾಲಾ, ಅವನು ತಗ್ಗಬೇಕು. ಸಂಬಂಧವೇ ಇಲ್ಲದವನನ್ನು ಸಾಲಾ ಎಂದರೆ ‘ನಿನ್ನ ಅಕ್ಕತಂಗಿ ನನ್ನ ಮನೆಯಲ್ಲಿದ್ದಾಳೆ’ ಎಂದ ಹಾಗೆ. ಬೈಗುಳದ ಬೇರು ಇರುವುದೇ ಅಲ್ಲಿ. ಗೆಳೆಯರ ನಡುವೆ ಅದು ಸವೆದು ಹೋಗಿರಬಹುದು, ಹೊಸಬರ ಮುಂದೆ ಹಲ್ಲು ಇನ್ನೂ ಚೂಪಾಗಿಯೇ ಇದೆ.

ಇದನ್ನೆಲ್ಲ ನಾನು ಭಾವನಿಗೆ ಬಿಡಿಸಿ ಹೇಳಿದ್ದೇನೆ. “ನೀನು ನನ್ನ ಹೆಂಡ್ತಿ ತಮ್ಮ. ಹಿಂದೀಲಿ ನೀನೇ ನನ್ನ ಒರಿಜಿನಲ್ ಸಾಲಾ. ನಿನಗೆ ಹೊಟ್ಟೆಉರಿ” ಎಂದರು. ವ್ಯಾಕರಣದ ಪ್ರಕಾರ ತಪ್ಪಿಲ್ಲವಾದ್ದರಿಂದ ನನಗೆ ಉತ್ತರ ಹೊಳೆಯಲಿಲ್ಲ.

ಹೆಂಗಸರನ್ನು ಕೆಣಕುವುದಕ್ಕೂ ಅವರದು ಇದೇ ಬುನಾದಿ. ಭದ್ರಾವತಿಯಲ್ಲಿ ಹೂ ಮಾರುವಾಕೆಗೆ ತಮಿಳಿನಲ್ಲಿ ‘ಮಾಮನ್ ಮಗಳೇ’ ಎಂದರೆ ಒಂದು ಮೊಳ ಹೂವಿಗೆ ಎರಡು ಮೊಳ ಬೈಗುಳ ಸಿಗುತ್ತಿತ್ತು, ಇಬ್ಬರೂ ನಗುತ್ತಿದ್ದರು. ಆಕೆ ಬೈಯಬಲ್ಲಳು, ಬೇಡವಾದರೆ ಹೂವನ್ನೇ ಕೊಡದಿರಬಲ್ಲಳು. ಆದರೆ ಭಾವ ಇದೇ ಸರಕನ್ನು ತಮ್ಮ ಕಚೇರಿಗೂ ಹೊತ್ತುಕೊಂಡು ಹೋದರು. ಅಲ್ಲಿಗೆ ಬಿಹಾರದಿಂದ ವರ್ಗವಾಗಿ ಬಂದ ಸಹೋದ್ಯೋಗಿಯೊಬ್ಬರಿದ್ದರು. ಪಕ್ಕದ ಮೇಜಿನವರ ತಮಾಷೆ ಇಷ್ಟವಾಗದಿದ್ದರೂ ಮರುದಿನ ಆಕೆ ಅದೇ ಮೇಜಿಗೆ ಬರಲೇಬೇಕು. ಭಾವನಿಗೆ ಇದು ಹೊಳೆಯುವುದೇ ಇಲ್ಲ. ಒಂದು ದಿನ ಮೀಸೆ ತಿರುವಿ, “ಆಪ್ ತೋ ಮೇರೀ ಮಾಮಾ ಕೀ ಬೇಟೀ” ಎಂದುಬಿಟ್ಟರು.

ಬಿಹಾರದ ಹಿಂದೂ ಮನೆಗಳಲ್ಲಿ ಮಾಮನ ಮಗಳು ಎಂದರೆ ತಂಗಿ. ಮದುವೆಯ ಮಾತು ಅಲ್ಲಿ ಪಾಪ. ಪರದೇಶದಲ್ಲಿ ಒಬ್ಬ ಅಣ್ಣ ಸಿಕ್ಕಿದನೆಂದು ಆಕೆಗೆ ನಿಜಕ್ಕೂ ಸಂತೋಷವಾಗಿ, ಹುಣ್ಣಿಮೆಯ ದಿನ ಎಲ್ಲರೆದುರು ಭಾವನ ಕೈಗೆ ರಾಖಿ ಕಟ್ಟಿದರು. ಅಂಥ ಪೆಚ್ಚು ಮುಖವನ್ನು ನಾನು ಕಂಡಿಲ್ಲ ಎಂದು ಅವರ ಕಚೇರಿಯ ಅಟೆಂಡರ್ ಇವತ್ತಿಗೂ ವರ್ಣಿಸುತ್ತಾನೆ. ಆದರೆ ಭಾವ ಆ ದಾರವನ್ನು ತಾನಾಗಿ ಉದುರುವ ತನಕ ಬಿಚ್ಚಲಿಲ್ಲ. ಆಕೆಯ ಮಗು ಹುಟ್ಟಿದಾಗ ಅಕ್ಕನನ್ನು ಗಾಂಧಿ ಬಜಾರಿಗೆ ಕರೆದೊಯ್ದು ಸೀರೆ ತೆಗೆಸಿದರು. ಇಂಥವರ ಮೇಲೆ ಕೋಪವನ್ನು ಪೂರ್ತಿಯಾಗಿ ಇಟ್ಟುಕೊಳ್ಳಲು ಆಗುವುದಿಲ್ಲ, ಅದೇ ಕಷ್ಟ.

ಈಗ ಕ್ವಾರ್ಟರ್ಸಿನ ಆ ಸಾಲು ಬಹುಪಾಲು ಖಾಲಿ. ಕಾಗದದ ಕಾರ್ಖಾನೆ ನಿಂತು ವರ್ಷಗಳಾದವು. ಮಚ್ಚಾನ್ ಮಗನ ಮನೆಗೆ ಹೊಸೂರಿಗೆ ಹೋದ, ಅಳಿಯನ್ ಪಾಲಕ್ಕಾಡಿಗೆ ಮರಳಿದ. ಭಾವ ಶಿವಮೊಗ್ಗಕ್ಕೆ ಮನೆ ಬದಲಾಯಿಸಿದರೂ ವಾರಕ್ಕೊಮ್ಮೆ ಸುಮ್ಮನೆ ಭದ್ರಾವತಿ ಬಸ್ಸು ಹತ್ತುತ್ತಾರೆ. ತಿರುಗಿ ಬೈಯುವವರಿಲ್ಲದ ಮೇಲೆ ನಾಲ್ಕು ಭಾಷೆ ಬಂದರೇನು, ಬಿಟ್ಟರೇನು ಎಂದು ನನಗೂ ಒಮ್ಮೊಮ್ಮೆ ಅನ್ನಿಸುತ್ತದೆ. ಹಾಗೆ ಅನ್ನಿಸಿದ್ದರಿಂದಲೇ ಮದುವೆ ದಿನ ಅವರ ಮೇಲೆ ಕಾವಲು ಸಡಿಲವಾಯಿತು.

ಮದುವೆ ಭಾವನ ತಮ್ಮನ ಮಗಳದು. ಹುಡುಗ ಕಾನ್ಪುರದವನು. ಬೀಗರು ಊಟಕ್ಕೆ ಕುಳಿತಿದ್ದಾರೆ. ವರನ ಅಣ್ಣ ಗಂಭೀರ ಮನುಷ್ಯ, ಎಲೆಯ ಮುಂದೆ ಏನನ್ನು ಮೊದಲು ಮುಟ್ಟಬೇಕೆಂದು ನೋಡುತ್ತಿದ್ದ. ಭಾವ ಅವನ ಹೆಗಲ ಮೇಲೆ ಕೈ ಹಾಕಿ, “ಕ್ಯಾ ಸಾಲೇ, ಖಾತಾ ನಹೀ?” ಎಂದರು. ಅವರ ಮನಸ್ಸಿನಲ್ಲಿದ್ದದ್ದು ‘ಏನ್ ಭಾವಾ, ಊಟ ಮಾಡ್ತಿಲ್ಲ?’ ಎಂಬ ಅಪ್ಪಟ ಭದ್ರಾವತಿ ಕಕ್ಕುಲಾತಿ. ಕಾನ್ಪುರಕ್ಕೆ ಕೇಳಿದ್ದು ಬೇರೆ. ಏಕವಚನ ಹಾಗಿರಲಿ, ಹೆಣ್ಣು ಕೊಟ್ಟ ಕಡೆಯವರೇ ವರನ ಅಣ್ಣನನ್ನು ಸಾಲಾ ಎಂದರೆ ಗಂಡಿನ ಮನೆಯೇ ಹೆಣ್ಣು ಕೊಟ್ಟಂತಾಯಿತು! ತಮಾಷೆ ಕೆಟ್ಟಿತೆಂದು ಗೊತ್ತಾಗುವುದು ಬೈಗುಳ ಶುರುವಾದಾಗಲ್ಲ. ಎದುರಿನವರೆಲ್ಲ ನಗುವುದನ್ನು ನಿಲ್ಲಿಸಿ ತಮ್ಮ ಹಿರಿಯರ ಮುಖ ನೋಡತೊಡಗಿದಾಗ. ಹಿರಿಯರು ಎಲೆಯಿಂದ ಕೈ ಎತ್ತಿದ್ದರು.

ಕಾಪಾಡಿದವರು ಶಾಮಿಯಾನದ ಸಾಹೇಬರು. ದಖ್ಖನಿ ಮನೆಮಾತು, ಕನ್ನಡ ಬೀದಿಮಾತು. ಎರಡು ದಡವನ್ನೂ ಕಂಡವರು. “ಇವರ ಕಡೆ ಜೀಜಾಗೂ ಸಾಲಾಗೂ ಒಂದೇ ಹೆಸರು ಸಾಬ್, ಪಾಪ ತಪ್ಪಾದದ್ದು ಆರಿಸಿಕೊಂಡರು” ಎಂದು ಕಾನ್ಪುರದವರಿಗೆ ಅವರ ಮಾತಿನಲ್ಲೇ ತಿಳಿಸಿದರು. ಬೀಗರಿಗೆ ‘ಸಮಧೀಜಿ’ ಎನ್ನಿ, ವರನ ಅಣ್ಣನಿಗೆ ‘ಭಯ್ಯಾ’ ಎನ್ನಿ ಎಂದು ಭಾವನ ಕಿವಿಯಲ್ಲೂ ಹೇಳಿದರು. ಹಿರಿಯರು ಒಂದು ಗಳಿಗೆ ಯೋಚಿಸಿ ನಕ್ಕರು. ಅವರ ಪಕ್ಕದಲ್ಲಿದ್ದ ಹೆಂಗಸು ಈಗ ನಮ್ಮ ಮೇಲೇ ತಕರಾರು ತೆಗೆದರು: ನಮ್ಮಲ್ಲಿ ವರನ ಕಡೆಯವರು ಊಟಕ್ಕೆ ಕೂತರೆ ಹೆಣ್ಣಿನ ಮನೆಯ ಹೆಂಗಸರು ‘ಗಾರೀ’ ಹಾಡಿ ನಮ್ಮನ್ನು ಬೈಯುತ್ತಾರೆ, ನೀವು ಬೈಯುವುದೇ ಇಲ್ಲವಲ್ಲ?

ಅಕ್ಕನಿಗೆ ಅಷ್ಟು ಸಾಕಾಯಿತು. ಸೆರಗು ಸಿಕ್ಕಿಸಿ ಅತ್ತಿಗೆಯರನ್ನು ಕೂಡಿಸಿಕೊಂಡು ಬೀಗರ ಹಾಡು ಎತ್ತಿದಳು. ಬೀಗರ ಹೊಟ್ಟೆ, ಬೀಗಿತ್ತಿಯ ನಡಿಗೆ, ಕದ್ದು ಸೊಂಟಕ್ಕೆ ಕಟ್ಟಿಕೊಂಡ ಹೋಳಿಗೆ ಯಾವುದನ್ನೂ ಬಿಡಲಿಲ್ಲ. ಕಾನ್ಪುರದವರು ತಾಳ ಹಾಕಿದರು. ಹಾಡು ಮುಗಿದ ಮೇಲೆ ಹಿರಿಯರು ಇದರ ಅರ್ಥವೇನೆಂದು ಕೇಳಿದರು. ಭಾವ ಗಂಟಲು ಸರಿಮಾಡಿಕೊಂಡು ಎದ್ದರು. ಅಕ್ಕ ಓಡಿಬಂದು ಅವರ ಬಾಯಿಗೆ ಇಡೀ ಲಾಡು ತುರುಕಿದಳು.